ಫಂಡ್ ಬದಲಿಸುವ ಆತುರ: ಸ್ಟೇಟ್‌ಮೆಂಟ್‌ನಲ್ಲಿ ಕಾಣದ ನಷ್ಟ ಎಷ್ಟು?

ಮ್ಯೂಚುವಲ್ ಫಂಡ್ ಆ್ಯಪ್ ತೆರೆದರೆ ಮೊದಲು ಕಾಣುವುದು ಒಂದು ವರ್ಷದ ರಿಟರ್ನ್ಸ್ ಪಟ್ಟಿ. ನಮ್ಮ ಫಂಡ್ ಶೇ.12 ಕೊಟ್ಟಿದ್ದರೆ, ಪಕ್ಕದ್ದು ಶೇ.20 ತೋರಿಸುತ್ತದೆ. 'ಸ್ವಿಚ್' ಬಟನ್ ಒತ್ತಿದರೆ ಕೆಲಸ ಮುಗಿಯಿತು, ಯಾವ ಶುಲ್ಕವನ್ನೂ ಕಟ್ಟಿದಂತೆ ಅನಿಸುವುದಿಲ್ಲ. ಆದರೆ ನಿಜವಾದ ಖರ್ಚು ಶುರುವಾಗುವುದೇ ಅಲ್ಲಿ.

ಸ್ವಿಚ್ ಎಂದರೆ ಮಾರಾಟ

ಒಂದೇ ಫಂಡ್ ಕಂಪನಿಯ ಒಳಗೆ ಬದಲಿಸಿದರೂ ಆದಾಯ ತೆರಿಗೆ ಕಾನೂನಿನ ಪ್ರಕಾರ ಅದು ಹಳೆಯ ಯೂನಿಟ್‌ಗಳ ಮಾರಾಟ ಮತ್ತು ಹೊಸ ಯೂನಿಟ್‌ಗಳ ಖರೀದಿ. ರೆಗ್ಯುಲರ್ ಪ್ಲಾನ್‌ನಿಂದ ಡೈರೆಕ್ಟ್ ಪ್ಲಾನ್‌ಗೆ ಹೋದರೂ ಇದೇ ನಿಯಮ. 2024ರ ಜುಲೈ 23ರಿಂದ ಈಕ್ವಿಟಿ ಫಂಡ್‌ಗಳನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ.20 ತೆರಿಗೆ ಇದೆ. ವರ್ಷ ದಾಟಿದ ಮೇಲೆ ಮಾರಿದರೆ ಹಣಕಾಸು ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ.12.5. ಇದಲ್ಲದೆ ಹಲವು ಈಕ್ವಿಟಿ ಫಂಡ್‌ಗಳು ವರ್ಷದೊಳಗೆ ಹೊರಬಂದರೆ ಶೇ.1ರಷ್ಟು ಎಕ್ಸಿಟ್ ಲೋಡ್ ಹಿಡಿಯುತ್ತವೆ.

ಒಂದು ತಿಂಗಳ ಆತುರದ ಬೆಲೆ

ಪುಣೆಯಲ್ಲಿ ಕೆಲಸ ಮಾಡುವ ಒಬ್ಬರು 10 ಲಕ್ಷ ರೂಪಾಯಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. 11 ತಿಂಗಳಲ್ಲಿ ಅದು 11.20 ಲಕ್ಷವಾಗಿದೆ. ಅಷ್ಟರಲ್ಲಿ ಬೇರೆ ಫಂಡ್ ಚೆನ್ನಾಗಿ ಕಂಡು ಸ್ವಿಚ್ ಮಾಡುತ್ತಾರೆ. ಎಕ್ಸಿಟ್ ಲೋಡ್ 11,200 ರೂಪಾಯಿ ಹೋಗಿ ಕೈಗೆ ಬರುವುದು 11,08,800. ಉಳಿದ 1,08,800 ರೂಪಾಯಿ ಲಾಭಕ್ಕೆ ಶೇ.20ರಂತೆ ತೆರಿಗೆ 21,760. ಸೆಸ್ ಬಿಟ್ಟು ಲೆಕ್ಕ ಹಾಕಿದರೂ ಒಟ್ಟು 32,960 ರೂಪಾಯಿ ಹೋಯಿತು. ಹೊಸ ಫಂಡ್ ಸುಮಾರು ಶೇ.3ರಷ್ಟು ಬೆಳೆದ ಮೇಲಷ್ಟೇ ಹಣ ಮತ್ತೆ 11.20 ಲಕ್ಷ ಮುಟ್ಟುತ್ತದೆ.

ಇನ್ನು ಒಂದು ತಿಂಗಳು ಕಾದಿದ್ದರೆ? ಎಕ್ಸಿಟ್ ಲೋಡ್ ಇರುತ್ತಿರಲಿಲ್ಲ. ಲಾಭ ಅಷ್ಟೇ ಇದ್ದು, ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ, 1.20 ಲಕ್ಷವೂ ವಿನಾಯಿತಿ ಮಿತಿಯೊಳಗೆ ಬಂದು ತೆರಿಗೆ ಶೂನ್ಯವಾಗುತ್ತಿತ್ತು.

ಹತ್ತು ವರ್ಷ ಹೀಗೇ ಮಾಡಿದರೆ

ಎಲ್ಲ ಫಂಡ್‌ಗಳೂ ವರ್ಷಕ್ಕೆ ಶೇ.12 ಕೊಡುತ್ತವೆ ಎಂದೇ ಭಾವಿಸೋಣ. 10 ಲಕ್ಷವನ್ನು ಒಂದೇ ಫಂಡ್‌ನಲ್ಲಿ ಬಿಟ್ಟವರಿಗೆ 10 ವರ್ಷಕ್ಕೆ ಸುಮಾರು 31.06 ಲಕ್ಷವಾಗುತ್ತದೆ. ಕೊನೆಗೆ ಒಮ್ಮೆಲೇ ಮಾರಿ ತೆರಿಗೆ ಕಟ್ಟಿದರೂ ಸುಮಾರು 28.58 ಲಕ್ಷ ಉಳಿಯುತ್ತದೆ. ಪ್ರತಿ ವರ್ಷ ಅವಧಿ ತುಂಬುವ ಮುನ್ನವೇ ಬದಲಿಸಿ, ಲೋಡ್ ಮತ್ತು ತೆರಿಗೆಯನ್ನು ಅದೇ ಹಣದಿಂದ ಕಟ್ಟಿದವರಿಗೆ ಉಳಿಯುವುದು ಸುಮಾರು 23.04 ಲಕ್ಷ. ಫಂಡ್‌ಗಳ ಸಾಧನೆ ಒಂದೇ ಆಗಿದ್ದರೂ ಐದೂವರೆ ಲಕ್ಷದ ವ್ಯತ್ಯಾಸ. ಪ್ರತಿ ವರ್ಷ ಕಟ್ಟಿದ ಹಣ ಮುಂದೆ ಬೆಳೆಯುವ ಅವಕಾಶ ಕಳೆದುಕೊಂಡಿದ್ದೂ ಇದರಲ್ಲಿ ಸೇರಿದೆ.

ಏಕೆ ಗೊತ್ತಾಗುವುದಿಲ್ಲ?

ಭಾರತದಲ್ಲಿ ವಾಸಿಸುವವರಿಗೆ ಸ್ವಿಚ್ ಮಾಡುವಾಗ ಈ ಲಾಭದ ಮೇಲಿನ ತೆರಿಗೆ ಕಡಿತವಾಗುವುದಿಲ್ಲ. ಮುಂಗಡ ತೆರಿಗೆಯಾಗಿಯೋ, ರಿಟರ್ನ್ ಸಲ್ಲಿಸುವಾಗಲೋ ಬ್ಯಾಂಕ್ ಖಾತೆಯಿಂದ ಹೋಗುವ ಆ ಹಣವನ್ನು ಯಾರೂ ಫಂಡ್‌ನ ಲೆಕ್ಕಕ್ಕೆ ಸೇರಿಸುವುದಿಲ್ಲ. ಜತೆಗೆ, ಪಟ್ಟಿಯಲ್ಲಿ ಕಂಡ ಶೇ.20 ಆಗಲೇ ಆಗಿಹೋದ ಏರಿಕೆ. ಅದು ಸಿಕ್ಕಿದ್ದು ಮೊದಲೇ ಒಳಗಿದ್ದವರಿಗೆ. ಒಂದೇ ವಲಯದ ಷೇರುಗಳಿರುವ ಫಂಡ್ ಆಗಿದ್ದರೆ, ಆ ವಲಯದ ಬೆಲೆ ಏರಿದ ಮೇಲೆ ನಾವು ದುಬಾರಿಗೆ ಕೊಂಡಂತಾಗುತ್ತದೆ.

ಬದಲಿಸಲೇಬೇಕಿದ್ದರೆ

ಫಂಡ್‌ನ ಹೂಡಿಕೆ ಉದ್ದೇಶವೇ ಬದಲಾದರೆ ಅಥವಾ ಮೂರ್ನಾಲ್ಕು ವರ್ಷ ಸತತವಾಗಿ ತನ್ನದೇ ಬೆಂಚ್‌ಮಾರ್ಕ್‌ಗಿಂತ ಹಿಂದುಳಿದರೆ ಹೊರಬರುವುದು ಸರಿಯೇ. ದೊಡ್ಡ ಕಂಪನಿಗಳ ಫಂಡ್ ಅನ್ನು ಸ್ಮಾಲ್‌ಕ್ಯಾಪ್ ಫಂಡ್ ಜತೆ ಹೋಲಿಸಿ ತೀರ್ಮಾನಿಸಬೇಡಿ.

ಹಳೆಯ ಹಣ ಮುಟ್ಟುವ ಮುನ್ನ ಹೊಸ ಎಸ್‌ಐಪಿಯನ್ನಷ್ಟೇ ಹೊಸ ಫಂಡ್‌ಗೆ ತಿರುಗಿಸಿ, ಅದಕ್ಕೆ ತೆರಿಗೆಯಿಲ್ಲ. ಎಸ್‌ಐಪಿಯ ಪ್ರತಿ ಕಂತಿಗೂ ಒಂದು ವರ್ಷದ ಲೆಕ್ಕ ಬೇರೆ ಬೇರೆ ಎಂಬುದು ನೆನಪಿರಲಿ. ಮೂರು ವರ್ಷದ ಎಸ್‌ಐಪಿ ಆಗಿದ್ದರೂ ಕೊನೆಯ 12 ಕಂತುಗಳು ಇನ್ನೂ ಅಲ್ಪಾವಧಿಯವೇ. ಮಾರುವಾಗ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಹೀಗಾಗಿ ವರ್ಷ ತುಂಬಿದಷ್ಟನ್ನು ಮಾತ್ರ ಮಾರಿ, ಲಾಭ 1.25 ಲಕ್ಷ ದಾಟದಂತೆ ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಎಂದು ಹಂಚಿಕೊಳ್ಳಬಹುದು. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ತಾಣದಿಂದ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಪಡೆದರೆ, ಕಳೆದ ವರ್ಷದ ಸ್ವಿಚ್‌ಗಳಿಂದ ಎಷ್ಟು ಅಲ್ಪಾವಧಿ ಲಾಭ ಬಂತು ಎಂಬುದು ತಿಳಿಯುತ್ತದೆ. ಅದರ ಐದನೇ ಒಂದು ಭಾಗವೇ ನೀವು ಕಟ್ಟಿದ ತೆರಿಗೆ.