ಮ್ಯಾನೇಜರ್‌ಗೆ ಅಂಕ: ಪ್ರಶ್ನೆಗಳು ಬದಲಾದ ಬಗೆ

ಕಚೇರಿಯಲ್ಲಿ ಅಂಕ ಮೇಲಿನಿಂದ ಕೆಳಕ್ಕೆ ಬರುವುದು ರೂಢಿ. ಮ್ಯಾನೇಜರ್ ಕೊಟ್ಟ ರೇಟಿಂಗ್ ನೋಡಿಕೊಂಡೇ ಆ ವರ್ಷದ ಇನ್‌ಕ್ರಿಮೆಂಟ್ ನಿರ್ಧಾರವಾಗುತ್ತದೆ. ಈ ದಾರಿಯನ್ನು ತಿರುಗಿಸಿ, ಟೀಮಿನವರೇ ಮ್ಯಾನೇಜರ್‌ಗೆ ಅಂಕ ಕೊಡುವ ಸರ್ವೆ ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಈಗ ಹೊಸದಲ್ಲ. ಅದರ ಪ್ರಶ್ನೆ ಬರೆಯುವವರ ಎದುರು ಮಾತ್ರ ಎರಡು ಹೊಣೆ ಇರುತ್ತದೆ: ಅಂಕ ಪಡೆದವರಿಗೆ ಅನ್ಯಾಯವಾಗಬಾರದು, ಅಂಕ ಕೊಟ್ಟವರು ಸಿಕ್ಕಿಬೀಳಬಾರದು. ಈ ಎರಡನ್ನೂ ನಿಭಾಯಿಸುವ ಉಪಾಯಗಳು ಒಂದೊಂದಾಗಿ ಕೈಗೂಡಲು ಹಲವು ದಶಕಗಳೇ ಹಿಡಿದವು.

ಕಥೆ ಶುರುವಾಗುವುದು ಒಂದು ಎಡವಟ್ಟಿನಿಂದ. 1920ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳಿಗೆ ಅವರ ಮೇಲಧಿಕಾರಿಗಳು ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕವಿತ್ತು. ಆದರೂ ಒಂದರಲ್ಲಿ ಹೆಚ್ಚು ಪಡೆದವರಿಗೆ ಉಳಿದವುಗಳಲ್ಲೂ ಹೆಚ್ಚೇ ಬಿದ್ದಿತ್ತು. ಒಟ್ಟಾರೆ ಒಳ್ಳೆಯ ಅಭಿಪ್ರಾಯವೊಂದು ಪ್ರಭಾವಳಿಯ ಹಾಗೆ ಎಲ್ಲ ಉತ್ತರಗಳ ಮೇಲೂ ಬೆಳಕು ಚೆಲ್ಲಿತ್ತು. ಗುಣದ ಹೆಸರು ಹೇಳಿ ಅಂಕ ಕೇಳಿದರೆ ಸಿಗುವುದು ಆ ಗುಣದ ಅಳತೆಯಲ್ಲ, ಇಷ್ಟ-ಅನಿಷ್ಟದ ಅಳತೆ ಎಂಬುದು ಅಲ್ಲಿ ಕಂಡಿತು.

1932ರಲ್ಲಿ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್, 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗಿನ ಮೆಟ್ಟಿಲುಗಳ ಅಳತೆಗೋಲನ್ನು ಕೊಟ್ಟರು. ನಿಜವಾದ ತಿರುವು ಬಂದದ್ದು ಎರಡನೇ ಮಹಾಯುದ್ಧದ ನಂತರ, ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಂಶೋಧಕರು ನಾಯಕ ಎಂಥವನು ಎಂದು ಕೇಳುವುದನ್ನು ಬಿಟ್ಟು, ಏನು ಮಾಡುತ್ತಾನೆ, ಎಷ್ಟು ಸಲ ಮಾಡುತ್ತಾನೆ ಎಂದು ಕೇಳತೊಡಗಿದರು. ನಾಯಕರ ನಡವಳಿಕೆಯನ್ನು ವಿವರಿಸುವ ಸುಮಾರು 1,800 ವಾಕ್ಯಗಳನ್ನು ಕಲೆಹಾಕಿ, ಜರಡಿ ಹಿಡಿದು, 150ಕ್ಕೆ ಇಳಿಸಿದರು. ಉತ್ತರಿಸಿದವರು ಕೈಕೆಳಗಿನವರು, ಯುದ್ಧವಿಮಾನದ ಕಮಾಂಡರ್ ಬಗ್ಗೆ ಅದೇ ವಿಮಾನದ ಸಿಬ್ಬಂದಿ ಉತ್ತರ ಬರೆದರು. ಆ ಉತ್ತರಗಳು ಮುಖ್ಯವಾಗಿ ಎರಡು ಗುಂಪಾಗಿ ಬೇರ್ಪಟ್ಟವು: ಕೆಲಸವನ್ನು ಅಚ್ಚುಕಟ್ಟಾಗಿ ಗೊತ್ತುಪಡಿಸುವುದು ಮತ್ತು ಜನರನ್ನು ಕಾಳಜಿಯಿಂದ ಕಾಣುವುದು. ಇಂದಿನ ಸರ್ವೆಗಳ ಬೇರು ಇಲ್ಲಿದೆ.

ಅಂಕ ಕೊಟ್ಟವರ ಸುರಕ್ಷತೆಯ ಪ್ರಶ್ನೆಗೆ ಪುರಾವೆ ಸಿಕ್ಕಿದ್ದು ತಡವಾಗಿ. ಸಂಶೋಧಕ ಡೇವಿಡ್ ಆಂಟೊನಿಯೊನಿ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನವರು ಹೆಸರು ಹಾಕಿ, ಇನ್ನೊಂದು ಗುಂಪಿನವರು ಹೆಸರಿಲ್ಲದೆ ಮ್ಯಾನೇಜರ್‌ಗಳಿಗೆ ಅಂಕ ಕೊಟ್ಟರು. ಹೆಸರು ಹಾಕಿದವರು ಕೊಟ್ಟ ಅಂಕವೇ ಹೆಚ್ಚು. ಮ್ಯಾನೇಜರ್‌ಗಳಿಗೆ ಹೆಸರಿದ್ದ ಅಭಿಪ್ರಾಯ ಹಿಡಿಸಿತು, ಕೆಳಗಿನವರಿಗೆ ಹೆಸರಿಲ್ಲದೆ ಬರೆಯುವುದೇ ನೆಮ್ಮದಿ ಎನ್ನಿಸಿತು.

ನಂತರದ ಎರಡು ಪ್ರಸಿದ್ಧ ಉದಾಹರಣೆಗಳು ಎರಡು ದಿಕ್ಕು ಹಿಡಿದವು. ನೋಯ್ಡಾದ ಎಚ್‌ಸಿಎಲ್ ಟೆಕ್ನಾಲಜೀಸ್‌ನಲ್ಲಿ ಮುಖ್ಯಸ್ಥರಾಗಿದ್ದ ವಿನೀತ್ ನಾಯರ್ ತಮಗೆ ಬಂದ ಅಂಕಗಳನ್ನು ಎಲ್ಲ ನೌಕರರೂ ನೋಡುವಂತೆ ಕಂಪನಿಯ ಒಳಜಾಲದಲ್ಲಿ ಪ್ರಕಟಿಸಿದರು. ಗೂಗಲ್ 2009ರ ಸುಮಾರಿಗೆ 'ಪ್ರಾಜೆಕ್ಟ್ ಆಕ್ಸಿಜನ್' ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ಗಳ ಎಂಟು ನಡವಳಿಕೆಗಳನ್ನು ಗುರುತಿಸಿ, ಅವುಗಳ ಮೇಲೆಯೇ ಪ್ರಶ್ನೆ ಬರೆಸಿತು. ಕಳೆದ ಆರು ತಿಂಗಳಲ್ಲಿ ನಿಮ್ಮ ವೃತ್ತಿ ಬೆಳವಣಿಗೆಯ ಬಗ್ಗೆ ಮ್ಯಾನೇಜರ್ ಅರ್ಥಪೂರ್ಣವಾಗಿ ಮಾತನಾಡಿದ್ದಾರೆಯೇ ಎಂಬುದು ಅಂಥದ್ದೊಂದು. ಈ ಸರ್ವೆಯನ್ನು ಗೂಗಲ್ ಮ್ಯಾನೇಜರ್ ತಿದ್ದಿಕೊಳ್ಳಲು ಒದಗುವ ಸಾಧನವನ್ನಾಗಿ ಇಟ್ಟುಕೊಂಡಿತು.

ಈ ಅನುಭವವೆಲ್ಲ ಒಂದು ವಾಕ್ಯವನ್ನು ತಿದ್ದುವಾಗ ಹೇಗೆ ಕೆಲಸಕ್ಕೆ ಬರುತ್ತದೆ? ಹಲವು ಸರ್ವೆಗಳಲ್ಲಿ ಕಾಣುವಂಥ ವಾಕ್ಯವೊಂದನ್ನು ನೋಡಬಹುದು: "ನನ್ನ ಮ್ಯಾನೇಜರ್ ಒಳ್ಳೆಯ ನಾಯಕರು, ಎಲ್ಲರನ್ನೂ ಸಮಾನವಾಗಿ ಕಾಣುತ್ತಾರೆ." ಇಲ್ಲಿರುವುದು ಎರಡು ಮಾತು. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಒಪ್ಪದವರು ಐದು ಮೆಟ್ಟಿಲುಗಳ ಮಧ್ಯದ 3 ಒತ್ತುತ್ತಾರೆ, ಆ 3ರಿಂದ ಏನೂ ತಿಳಿಯುವುದಿಲ್ಲ. 'ಒಳ್ಳೆಯ' ಎಂಬಲ್ಲಿ ಥಾರ್ನ್‌ಡೈಕ್ ಕಂಡ ಪ್ರಭಾವಳಿ ನುಸುಳುತ್ತದೆ. ಇನ್ನು 'ಎಲ್ಲರನ್ನೂ' ಹೇಗೆ ಕಾಣುತ್ತಾರೆ ಎಂಬುದು ಒಬ್ಬ ನೌಕರನಿಗೆ ಗೊತ್ತಿರುವುದಿಲ್ಲ. ಅವನು ಊಹಿಸುತ್ತಾನೆ, ಇಲ್ಲವೇ ಕ್ಯಾಂಟೀನಿನಲ್ಲಿ ಕೇಳಿದ್ದನ್ನು ಬರೆಯುತ್ತಾನೆ.

ತಿದ್ದಿದ ವಾಕ್ಯ ಹೀಗಿರಬಹುದು: "ಕಳೆದ ಆರು ತಿಂಗಳಲ್ಲಿ ಹೊಸ ಕೆಲಸ ವಹಿಸಿದಾಗ, ಅದು ನನಗೇ ಏಕೆ ಬಂತು ಎಂದು ಮ್ಯಾನೇಜರ್ ತಿಳಿಸುತ್ತಿದ್ದರು." ಉತ್ತರಕ್ಕೆ ಯಾವಾಗಲೂ, ಬಹಳ ಸಲ, ಕೆಲವು ಸಲ, ಅಪರೂಪಕ್ಕೆ, ಒಮ್ಮೆಯೂ ಇಲ್ಲ ಎಂಬ ಐದು ಮೆಟ್ಟಿಲು. ಪಕ್ಕದಲ್ಲಿ 'ಅಂಥ ಸಂದರ್ಭ ಬರಲಿಲ್ಲ' ಎಂಬ ಆರನೆಯದನ್ನು ಅಂಕವಿಲ್ಲದೆ ಇಡಬೇಕು. ಅದಿಲ್ಲದಿದ್ದರೆ ಟೀಮಿಗೆ ಬಂದು ತಿಂಗಳಾದವರೂ ಏನೋ ಒಂದು ಒತ್ತಲೇಬೇಕಾಗುತ್ತದೆ. ಇಲ್ಲಿ ಉತ್ತರಿಸುವವರು ಹೇಳುತ್ತಿರುವುದು ತಾವೇ ಕಂಡದ್ದನ್ನು, ಮ್ಯಾನೇಜರ್ ಕೈಯಲ್ಲೇ ಇರುವ ಕೆಲಸವನ್ನು. ಸಂಬಳ ಸಾಕಾಯಿತೇ ಎಂದು ಕೇಳಿ ಆ ಅಂಕವನ್ನು ಬಜೆಟ್ ಮೇಲೆ ಹಿಡಿತವಿಲ್ಲದ ಮ್ಯಾನೇಜರ್ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಪ್ರಶ್ನೆ ಖಚಿತವಾಗುತ್ತ ಹೋದಂತೆ ಅಪಾಯವೂ ಹತ್ತಿರವಾಗುತ್ತದೆ. "ಹೆರಿಗೆ ರಜೆ ಮುಗಿಸಿ ಬಂದಾಗ ಮ್ಯಾನೇಜರ್ ಸಹಕರಿಸಿದರೇ?" ಎಂಬ ಪ್ರಶ್ನೆ ಸ್ಪಷ್ಟವಾಗೇನೋ ಇದೆ. ಆದರೆ ಆ ಟೀಮಿನಲ್ಲಿ ಹಾಗೆ ಬಂದವರು ಒಬ್ಬರೇ ಆಗಿದ್ದರೆ, ಉತ್ತರದ ಜೊತೆ ಸಹಿಯನ್ನೂ ಕೇಳಿದ ಹಾಗಾಯಿತು. ಆದ್ದರಿಂದ ಪ್ರಶ್ನೆ ನಡವಳಿಕೆಯ ವಿಷಯದಲ್ಲಿ ಖಚಿತವಾಗಿರಬೇಕು, ಟೀಮಿನ ಬಹುತೇಕ ಎಲ್ಲರಿಗೂ ಅನ್ವಯಿಸುವಂತಿರಬೇಕು.

ಕನಿಷ್ಠ ಮೂರು ಉತ್ತರ ಬರದಿದ್ದರೆ ವರದಿ ತೋರಿಸಬಾರದು ಎಂಬ ನಿಯಮ ಹಲವೆಡೆ ಇದೆ. ಅದೊಂದೇ ಸಾಲದು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಏಳು ಜನರ ಟೀಮೊಂದನ್ನು ಊಹಿಸಿಕೊಳ್ಳಿ: ಆರು ಜನ ಬೆಂಗಳೂರಿನಲ್ಲಿ, ಒಬ್ಬರು ಮೈಸೂರಿನಲ್ಲಿ. ಎಲ್ಲರೂ ಉತ್ತರಿಸಿದ್ದಾರೆ. ವರದಿಯಲ್ಲಿ ಇಡೀ ಟೀಮಿನ ಸರಾಸರಿ 3.57, 'ಬೆಂಗಳೂರು' ಎಂದು ಆರಿಸಿದರೆ 4.00. ಎರಡೂ ಮೂರರ ಗಡಿ ದಾಟಿದ ಗುಂಪುಗಳೇ. ಏಳನ್ನು 3.57ರಿಂದ ಗುಣಿಸಿದರೆ ಸುಮಾರು 25, ಆರನ್ನು 4ರಿಂದ ಗುಣಿಸಿದರೆ 24. ಮೈಸೂರಿನವರು ಕೊಟ್ಟದ್ದು 1 ಎಂಬುದು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಸಿಗುತ್ತದೆ. ಹಾಗಾಗಿ ಗುಂಪಿನ ಗಾತ್ರದ ಜೊತೆಗೆ ಒಂದು ಗುಂಪನ್ನು ಇನ್ನೊಂದರಿಂದ ಕಳೆದಾಗ ಉಳಿಯುವವರೆಷ್ಟು ಎಂಬುದನ್ನೂ ನೋಡಬೇಕು. ಚಿಕ್ಕ ಟೀಮಿಗೆ ಊರು, ಲಿಂಗ, ಅನುಭವದ ಪ್ರಕಾರ ವಿಂಗಡಿಸಿದ ವರದಿಯನ್ನು ಕೊಡದಿರುವುದೇ ಕ್ಷೇಮ.

ಬರೆದು ತಿಳಿಸುವ ಪ್ರಶ್ನೆಗಳಲ್ಲಿ ಲೆಕ್ಕವೂ ಬೇಡ, ಭಾಷೆಯೇ ಗುರುತು ಬಿಟ್ಟುಕೊಡುತ್ತದೆ. ಪ್ರತಿ ವಾಕ್ಯಕ್ಕೂ ಮೂರು ಚುಕ್ಕಿ ಇಡುವವರು ಯಾರೆಂದು ದಿನಾ ಅವರ ಇಮೇಲ್ ಓದುವ ಮ್ಯಾನೇಜರ್‌ಗೆ ಗೊತ್ತು. ಏನನ್ನು ಮುಂದುವರಿಸಬೇಕು, ಏನನ್ನು ಬದಲಿಸಬೇಕು ಎಂಬ ಎರಡೇ ಪ್ರಶ್ನೆ ಇಟ್ಟು, ಬರೆದದ್ದು ಹಾಗೇ ಮ್ಯಾನೇಜರ್ ಕೈಗೆ ಹೋಗುತ್ತದೆಯೋ, ಎಚ್‌ಆರ್‌ನವರು ಸಾರಾಂಶ ಮಾಡಿ ಕೊಡುತ್ತಾರೋ ಎಂಬುದನ್ನು ಉತ್ತರದ ಪೆಟ್ಟಿಗೆಯ ಮೇಲೆಯೇ ಹೇಳಬೇಕು.

ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಅಂಕದಲ್ಲಿ ಕೊಟ್ಟವರ ಸ್ವಭಾವ ಬೆರೆತೇ ಇರುತ್ತದೆ. ಸಾವಿರಾರು ಮ್ಯಾನೇಜರ್‌ಗಳ ಅಂಕಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಸ್ಕಲೆನ್, ಮೌಂಟ್ ಮತ್ತು ಗಾಫ್ ಅವರ ಅಧ್ಯಯನದಲ್ಲಿ, ಅಂಕಗಳ ಏರುಪೇರಿನ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ವೈಯಕ್ತಿಕ ಒಲವಿಗೆ ಸೇರಿತ್ತು. ಐದಾರು ಜನರ ಸರಾಸರಿ ಹಿಡಿದು ಒಬ್ಬರ ಬಡ್ತಿ ನಿರ್ಧರಿಸುವುದು ಸಲ್ಲದು ಎನ್ನಲು ಇಷ್ಟು ಸಾಕು. ಅಂಕದ ಉಪಯೋಗ ಬೇರೆಡೆ ಇದೆ. ವಾಕರ್ ಮತ್ತು ಸ್ಮಿದರ್ 252 ಮ್ಯಾನೇಜರ್‌ಗಳನ್ನು ಐದು ವರ್ಷ ಗಮನಿಸಿ 1999ರಲ್ಲಿ ವರದಿ ಮಾಡಿದರು. ಹಿಂದಿನ ವರ್ಷದ ಫಲಿತಾಂಶವನ್ನು ಟೀಮಿನ ಜೊತೆ ಕುಳಿತು ಚರ್ಚಿಸಿದ ಮ್ಯಾನೇಜರ್‌ಗಳು ಚರ್ಚಿಸದವರಿಗಿಂತ ಹೆಚ್ಚು ಸುಧಾರಿಸಿದ್ದರು. ಅದೇ ಮ್ಯಾನೇಜರ್ ಕೂಡ, ಚರ್ಚೆ ಬಿಟ್ಟ ವರ್ಷಕ್ಕಿಂತ ಚರ್ಚೆ ನಡೆಸಿದ ವರ್ಷದಲ್ಲೇ ಹೆಚ್ಚು ಮುಂದೆ ಬಂದಿದ್ದರು.