ಪಂಪ್‌ಸೆಟ್‌ನ ಶಕ್ತಿ ಲೆಕ್ಕಪರಿಶೋಧನೆ

ಪಂಪ್‌ಸೆಟ್‌ನ ಶಕ್ತಿ ಲೆಕ್ಕಪರಿಶೋಧನೆ ಎಂದರೆ ಬಳಕೆಯಲ್ಲಿರುವ ಪಂಪ್‌ಸೆಟ್ಟನ್ನು ಅದು ಇರುವ ಸ್ಥಳದಲ್ಲಿಯೇ ಪರೀಕ್ಷಿಸಿ, ಅದು ಪಡೆಯುವ ವಿದ್ಯುತ್ತಿನಲ್ಲಿ ಎಷ್ಟು ಪಾಲು ನೀರನ್ನು ಎತ್ತುವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಕಂಡುಹಿಡಿಯುವ ವಿಧಾನ. ಇದಕ್ಕಾಗಿ ನೀರಿನ ಹರಿವು, ಒತ್ತಡ ಮತ್ತು ಮೋಟಾರು ಸೆಳೆಯುವ ವಿದ್ಯುತ್ ಎಂಬ ಮೂರು ಅಳತೆಗಳನ್ನು ಏಕಕಾಲದಲ್ಲಿ ತೆಗೆದುಕೊಳ್ಳಲಾಗುತ್ತದೆ. ಅವುಗಳಿಂದ ದೊರೆಯುವ ಅನುಪಾತಕ್ಕೆ ಪಂಪ್‌ಸೆಟ್‌ನ ಒಟ್ಟು ದಕ್ಷತೆ ಎಂದು ಹೆಸರು.

## ಹಿನ್ನೆಲೆ

ಭಾರತದಲ್ಲಿ ಶಕ್ತಿ ಲೆಕ್ಕಪರಿಶೋಧನೆಗೆ 2001ರ ಇಂಧನ ಸಂರಕ್ಷಣಾ ಕಾಯ್ದೆಯು ಶಾಸನಬದ್ಧ ನೆಲೆಯನ್ನು ಒದಗಿಸಿತು. ಅದರ ಅನುಷ್ಠಾನಕ್ಕಾಗಿ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು.

ಶಿವಮೊಗ್ಗ ನಗರವು ತುಂಗಾ ನದಿಯ ದಡದಲ್ಲಿಯೂ ಭದ್ರಾವತಿಯು ಭದ್ರಾ ನದಿಯ ದಡದಲ್ಲಿಯೂ ಇವೆ. ಎರಡೂ ನಗರಗಳಿಗೆ ಕುಡಿಯುವ ನೀರನ್ನು ನದಿಯಿಂದ ಪಂಪುಗಳ ಮೂಲಕ ಎತ್ತಲಾಗುತ್ತದೆ. ಸುತ್ತಲಿನ ಅಡಿಕೆ ತೋಟಗಳು ಬೇಸಿಗೆಯಲ್ಲಿ ಬಾವಿ, ಕೊಳವೆಬಾವಿ ಮತ್ತು ಹೊಳೆಯ ಪಂಪ್‌ಸೆಟ್‌ಗಳನ್ನು ಅವಲಂಬಿಸಿವೆ. ಈ ಪ್ರದೇಶಕ್ಕೆ ವಿದ್ಯುತ್ ಪೂರೈಸುವ ಸಂಸ್ಥೆ ಮೆಸ್ಕಾಂ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಪಂಪಿನ ದಕ್ಷತೆ ಕುಸಿದರೂ ಅದು ರೈತನಿಗೆ ಬಿಲ್ಲಿನ ರೂಪದಲ್ಲಿ ಕಾಣುವುದಿಲ್ಲ. ತ್ರೀಫೇಸ್ ವಿದ್ಯುತ್ ದಿನದಲ್ಲಿ ಕೆಲವೇ ಗಂಟೆಗಳ ಕಾಲ ದೊರೆಯುವುದರಿಂದ ನಷ್ಟವು ನೀರಿನ ಕೊರತೆಯಾಗಿ ಕಾಣಿಸಿಕೊಳ್ಳುತ್ತದೆ: ಅಷ್ಟೇ ಹೊತ್ತಿನಲ್ಲಿ ತೋಟದ ಕೊನೆಯ ಸಾಲಿಗೆ ನೀರು ತಲುಪುವುದಿಲ್ಲ.

## ಮೂಲ ಸೂತ್ರ

ನೀರಿಗೆ ಸೇರುವ ಉಪಯುಕ್ತ ಶಕ್ತಿಯು ಹರಿವು ಮತ್ತು ಒಟ್ಟು ಹೆಡ್ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆ. ಹೆಡ್ ಎಂದರೆ ಒತ್ತಡವನ್ನು ನೀರಿನ ಕಂಬದ ಎತ್ತರವಾಗಿ ಮೀಟರುಗಳಲ್ಲಿ ಹೇಳುವ ಕ್ರಮ. ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡವು 10 ಮೀಟರ್ ಹೆಡ್‌ಗೆ ಸಮ.

ನೀರಿನ ಶಕ್ತಿ (ಕಿಲೋವ್ಯಾಟ್) = ಹರಿವು (ಲೀಟರ್/ಸೆಕೆಂಡ್) × ಒಟ್ಟು ಹೆಡ್ (ಮೀಟರ್) × 9.81 ÷ 1000

ಒಟ್ಟು ದಕ್ಷತೆ (ಶೇಕಡಾ) = ನೀರಿನ ಶಕ್ತಿ ÷ ಮೋಟಾರು ಸೆಳೆಯುವ ವಿದ್ಯುತ್ × 100

ಈ ದಕ್ಷತೆಯಲ್ಲಿ ಪಂಪಿನ ಮತ್ತು ಮೋಟಾರಿನ ದಕ್ಷತೆಗಳೆರಡೂ ಸೇರಿರುತ್ತವೆ. ಮೊನೊಬ್ಲಾಕ್ ಪಂಪಿನಲ್ಲಿ ಇಂಪೆಲ್ಲರ್ ಮೋಟಾರಿನ ಶಾಫ್ಟಿನ ಮೇಲೆಯೇ ಕುಳಿತಿರುವುದರಿಂದ ಸ್ಥಳದಲ್ಲಿ ಇವೆರಡನ್ನು ಬೇರ್ಪಡಿಸಿ ಅಳೆಯುವುದು ಸಾಧ್ಯವಿಲ್ಲ. ಆದುದರಿಂದ ಒಟ್ಟು ದಕ್ಷತೆಯನ್ನೇ ನಾಮಫಲಕದಲ್ಲಿ ಘೋಷಿಸಿರುವ ದಕ್ಷತೆಯೊಂದಿಗೆ ಹೋಲಿಸಲಾಗುತ್ತದೆ.

## ಅಳತೆಯ ಕ್ರಮ

ಪಂಪನ್ನು ಚಾಲನೆ ಮಾಡಿದ ಬಳಿಕ ಬಾವಿಯ ನೀರಿನ ಮಟ್ಟ ಹಾಗೂ ಮಾಪಕಗಳ ಮುಳ್ಳು ಸ್ಥಿರವಾಗುವವರೆಗೆ ಕಾಯಬೇಕು. ಅನಂತರ ಮೂರೂ ಅಳತೆಗಳನ್ನು ಒಂದೇ ಅವಧಿಯಲ್ಲಿ ತೆಗೆದುಕೊಳ್ಳಬೇಕು. ಹರಿವನ್ನು ಬೆಳಗ್ಗೆ, ವಿದ್ಯುತ್ತನ್ನು ಸಂಜೆ ಅಳೆದರೆ ಆ ನಡುವೆ ನೀರಿನ ಮಟ್ಟವೂ ವೋಲ್ಟೇಜೂ ಬದಲಾಗಿರುವುದರಿಂದ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ.

### ಹರಿವು

ಮೂರು ಅಳತೆಗಳಲ್ಲಿ ತಪ್ಪಿಗೆ ಹೆಚ್ಚು ಅವಕಾಶವಿರುವುದು ಹರಿವಿನಲ್ಲಿ. ತೋಟದಲ್ಲಿ ಆಯತಾಕಾರದ ತೊಟ್ಟಿಯಿದ್ದರೆ ಅದರ ಹೊರದಾರಿಯನ್ನು ಮುಚ್ಚಿ, ನಿರ್ದಿಷ್ಟ ಸಮಯದಲ್ಲಿ ನೀರಿನ ಮಟ್ಟ ಎಷ್ಟು ಏರಿತು ಎಂಬುದನ್ನು ಅಳೆಯುವುದು ಸರಳವೂ ವಿಶ್ವಾಸಾರ್ಹವೂ ಆದ ಮಾರ್ಗ. ಇಪ್ಪತ್ತು ಲೀಟರಿನ ಬಕೆಟ್ಟು ಮೂರ್ನಾಲ್ಕು ಸೆಕೆಂಡುಗಳಲ್ಲಿ ತುಂಬುವುದರಿಂದ ಅಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸವೂ ದೊಡ್ಡ ತಪ್ಪಾಗುತ್ತದೆ. ತೊಟ್ಟಿಯಲ್ಲಿ ಐದು ನಿಮಿಷ ಅಳೆದರೆ ಅದೇ ವ್ಯತ್ಯಾಸ ನಗಣ್ಯ.

ನಗರದ ದೊಡ್ಡ ಪಂಪುಗಳಲ್ಲಿ ಪೈಪಿನ ಹೊರಮೈಗೆ ಕಟ್ಟುವ ಅಲ್ಟ್ರಾಸಾನಿಕ್ ಹರಿವುಮಾಪಕವನ್ನು ಬಳಸುತ್ತಾರೆ. ಅದನ್ನು ವಾಲ್ವ್ ಅಥವಾ ಬಾಗುವಿಕೆಗೆ ತೀರ ಸಮೀಪದಲ್ಲಿ ಅಳವಡಿಸಬಾರದು. ಮಾಪಕಕ್ಕೆ ಮೊದಲು ಪೈಪಿನ ವ್ಯಾಸದ ಹತ್ತರಷ್ಟು, ಅನಂತರ ಐದರಷ್ಟು ಉದ್ದದ ನೇರ ಪೈಪು ಇರಬೇಕೆಂಬುದು ರೂಢಿಯ ನಿಯಮ. ಹಳೆಯ ಪೈಪಿನ ಒಳಗೆ ತುಕ್ಕು ಅಥವಾ ಪದರ ಕಟ್ಟಿದ್ದರೆ ನಿಜವಾದ ಒಳವ್ಯಾಸವು ಮಾಪಕಕ್ಕೆ ನಮೂದಿಸಿದ್ದಕ್ಕಿಂತ ಕಡಿಮೆಯಿದ್ದು, ಹರಿವು ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು.

### ಒತ್ತಡ

ಪಂಪಿನ ಹೊರಹರಿವಿನ ಬಾಯಿಯಲ್ಲಿ ಒತ್ತಡಮಾಪಕವನ್ನೂ ಹೀರುವ ಬಾಯಿಯಲ್ಲಿ ನಿರ್ವಾತಮಾಪಕವನ್ನೂ ಜೋಡಿಸಲಾಗುತ್ತದೆ. ಎರಡರ ಓದುಗಳನ್ನು ಮೀಟರಿಗೆ ಪರಿವರ್ತಿಸಿ ಕೂಡಿಸಬೇಕು. ಅವು ಬೇರೆ ಬೇರೆ ಎತ್ತರದಲ್ಲಿದ್ದರೆ ಆ ಅಂತರವನ್ನೂ, ಹೀರುವ ಮತ್ತು ಹೊರಹರಿವಿನ ಪೈಪುಗಳ ವ್ಯಾಸ ಬೇರೆಯಾಗಿದ್ದರೆ ವೇಗದ ಅಲ್ಪ ವ್ಯತ್ಯಾಸವನ್ನೂ ಸೇರಿಸಬೇಕು. ಬಾವಿಯಿಂದ ತೊಟ್ಟಿಯವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಅದನ್ನೇ ಒಟ್ಟು ಹೆಡ್ ಎಂದು ಹಿಡಿಯುವುದು ಸರಿಯಲ್ಲ. ಪೈಪಿನ ಘರ್ಷಣೆಯನ್ನು ಮೀರಲು ಬೇಕಾಗುವ ಹೆಡ್ ಆ ಅಳತೆಯಲ್ಲಿ ಬರುವುದಿಲ್ಲ.

### ವಿದ್ಯುತ್

ನಾಮಫಲಕದ ಅಶ್ವಶಕ್ತಿಯು ಮೋಟಾರು ಕೊಡಬಲ್ಲ ಶಕ್ತಿಯೇ ಹೊರತು ಅದು ಸೆಳೆಯುತ್ತಿರುವ ವಿದ್ಯುತ್ತಲ್ಲ. ಹಾಗೆಯೇ ವೋಲ್ಟೇಜ್ ಮತ್ತು ಕರೆಂಟುಗಳನ್ನು ಅಳೆದು ಪವರ್ ಫ್ಯಾಕ್ಟರನ್ನು ಬಿಟ್ಟರೆ ವಿದ್ಯುತ್ ಹೆಚ್ಚಾಗಿಯೂ ದಕ್ಷತೆ ಕಡಿಮೆಯಾಗಿಯೂ ಕಾಣುತ್ತದೆ. ಪವರ್ ಅನಲೈಸರ್ ಇಲ್ಲದಿದ್ದಲ್ಲಿ ಎಲೆಕ್ಟ್ರಾನಿಕ್ ವಿದ್ಯುತ್ ಮೀಟರಿನ ಮಿನುಗುವ ದೀಪವನ್ನು ಬಳಸಬಹುದು. ಒಂದು ಯೂನಿಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮೇಲೆ `imp/kWh` ಎಂದು ಮುದ್ರಿತವಾಗಿರುತ್ತದೆ.

ವಿದ್ಯುತ್ (ಕಿಲೋವ್ಯಾಟ್) = 3600 × ಎಣಿಸಿದ ಮಿನುಗುಗಳು ÷ (ಯೂನಿಟಿಗೆ ಮಿನುಗುಗಳು × ಸೆಕೆಂಡುಗಳು)

ಆ ವೇಳೆ ಅದೇ ಮೀಟರಿನಿಂದ ಬೇರೆ ಯಾವ ಉಪಕರಣವೂ ನಡೆಯುತ್ತಿರಬಾರದು. ಸ್ಟಾರ್ಟರಿನ ಪೆಟ್ಟಿಗೆಯನ್ನು ತೆರೆದು ಮಾಡುವ ಅಳತೆಯನ್ನು ಪರವಾನಗಿ ಹೊಂದಿದ ವಿದ್ಯುತ್ ತಂತ್ರಜ್ಞರೇ ಮಾಡಬೇಕು.

## ಲೆಕ್ಕದ ಮಾದರಿ

ಭದ್ರಾವತಿ ಭಾಗದ ಅಡಿಕೆ ತೋಟಗಳಲ್ಲಿ ಕಾಣಬಹುದಾದಂಥ, ತೆರೆದ ಬಾವಿಯ 5 ಅಶ್ವಶಕ್ತಿಯ ತ್ರೀಫೇಸ್ ಮೊನೊಬ್ಲಾಕ್ ಪಂಪನ್ನು ಉದಾಹರಣೆಯಾಗಿ ಭಾವಿಸಬಹುದು. ನಾಮಫಲಕದ ಪ್ರಕಾರ ಅದು 21 ಮೀಟರ್ ಹೆಡ್‌ನಲ್ಲಿ ಸೆಕೆಂಡಿಗೆ 10 ಲೀಟರ್ ನೀರನ್ನು ಶೇ. 50ರ ಒಟ್ಟು ದಕ್ಷತೆಯಲ್ಲಿ ಕೊಡಬೇಕು.

* ಹರಿವು: 1.5 ಮೀಟರ್ ಉದ್ದ, 1.5 ಮೀಟರ್ ಅಗಲದ ತೊಟ್ಟಿಯಲ್ಲಿ 5 ನಿಮಿಷಕ್ಕೆ ನೀರು 0.80 ಮೀಟರ್ ಏರಿತು. ಅಂದರೆ 300 ಸೆಕೆಂಡಿಗೆ 1,800 ಲೀಟರ್. ಸೆಕೆಂಡಿಗೆ 6 ಲೀಟರ್.
* ಹೆಡ್: ಒತ್ತಡಮಾಪಕದಲ್ಲಿ 16 ಮೀಟರ್, ನಿರ್ವಾತಮಾಪಕದಲ್ಲಿ 300 ಮಿಲಿಮೀಟರ್ ಪಾದರಸ ಅಂದರೆ 4.1 ಮೀಟರ್, ಮಾಪಕಗಳ ಎತ್ತರದ ಅಂತರ 0.4 ಮೀಟರ್, ವೇಗದ ವ್ಯತ್ಯಾಸ 0.1 ಮೀಟರ್. ಒಟ್ಟು 20.6 ಮೀಟರ್.
* ವಿದ್ಯುತ್: 3200 `imp/kWh` ಮೀಟರಿನಲ್ಲಿ 100 ಮಿನುಗುಗಳಿಗೆ 30.6 ಸೆಕೆಂಡು. ಅಂದರೆ 3.68 ಕಿಲೋವ್ಯಾಟ್.

ನೀರಿನ ಶಕ್ತಿ 6 × 20.6 × 9.81 ÷ 1000 = 1.21 ಕಿಲೋವ್ಯಾಟ್. ಒಟ್ಟು ದಕ್ಷತೆ 1.21 ÷ 3.68, ಅಂದರೆ ಶೇ. 33. ಗಂಟೆಗೆ 21,600 ಲೀಟರ್ ನೀರಿಗೆ 3.68 ಯೂನಿಟ್ ಖರ್ಚಾಗುವುದರಿಂದ ಒಂದು ಲಕ್ಷ ಲೀಟರಿಗೆ ಸುಮಾರು 17 ಯೂನಿಟ್ ಬೇಕಾಗುತ್ತದೆ.

## ನಷ್ಟದ ಸ್ಥಾನವನ್ನು ಗುರುತಿಸುವುದು

ದಕ್ಷತೆ ಕಡಿಮೆ ಎಂಬುದಷ್ಟರಿಂದಲೇ ದೋಷವೆಲ್ಲಿದೆ ಎಂದು ತಿಳಿಯುವುದಿಲ್ಲ. ಮೇಲಿನ ಪಂಪು ನಾಮಫಲಕದ ಹೆಡ್‌ಗೆ ಬಹಳ ಹತ್ತಿರದಲ್ಲಿಯೇ ನಡೆಯುತ್ತಿದೆ. ಆದರೆ 10 ಲೀಟರಿನ ಬದಲು 6 ಲೀಟರ್ ಕೊಡುತ್ತಿದೆ. ಆದುದರಿಂದ ಪಂಪಿನ ಆಯ್ಕೆ ತಪ್ಪಿಲ್ಲ. ಇಂಪೆಲ್ಲರ್ ಅಥವಾ ವೇರ್ ರಿಂಗ್ ಸವೆದಿರುವುದು ಸಂಭವನೀಯ ಕಾರಣ. ಹೊರಹರಿವಿನ ವಾಲ್ವನ್ನು ಕೆಲವೇ ಸೆಕೆಂಡು ಪೂರ್ತಿ ಮುಚ್ಚಿದಾಗ ಒತ್ತಡವು ತಯಾರಕರು ಕೊಟ್ಟ ಮಿತಿಗಿಂತ ಬಹಳ ಕೆಳಗಿದ್ದರೆ ಇಂಪೆಲ್ಲರ್ ಸವೆತದ ಊಹೆ ಬಲವಾಗುತ್ತದೆ. ಹೆಚ್ಚು ಹೊತ್ತು ಮುಚ್ಚಿದರೆ ಒಳಗಿನ ನೀರು ಕಾದು ಪಂಪಿಗೆ ಹಾನಿಯಾಗುತ್ತದೆ. ಮಾಪಕದ ಮುಳ್ಳು ನಡುಗುತ್ತಿದ್ದು ನೀರಿನೊಡನೆ ಗಾಳಿಗುಳ್ಳೆಗಳು ಬರುತ್ತಿದ್ದರೆ ಮೊದಲು ಹೀರುವ ಪೈಪಿನ ಕೀಲುಗಳನ್ನು ಸರಿಪಡಿಸಿ ಪುನಃ ಅಳೆಯಬೇಕು.

ಪೈಪಿನ ನಷ್ಟವು ದಕ್ಷತೆಯ ಅಂಕಿಯಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಘರ್ಷಣೆಗೆ ತಗಲುವ ಹೆಡ್ ಕೂಡ ಪಂಪು ಮಾಡಿದ ಕೆಲಸವೆಂದೇ ಲೆಕ್ಕಕ್ಕೆ ಬರುತ್ತದೆ. ಈ ಉದಾಹರಣೆಯಲ್ಲಿ ಬಾವಿಯ ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗಿನ ನೇರ ಎತ್ತರ 14.4 ಮೀಟರ್ ಎಂದಿಟ್ಟುಕೊಂಡರೆ, ಉಳಿದ 6.2 ಮೀಟರ್ ಫುಟ್‌ವಾಲ್ವ್, ಬಾಗುವಿಕೆಗಳು ಮತ್ತು 65 ಮಿಲಿಮೀಟರಿನ ಕಿರಿದಾದ ಪೈಪಿನ ಪಾಲಾಗಿದೆ.

ಈ ನಷ್ಟವು ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪಂಪನ್ನು ಮಾತ್ರ ದುರಸ್ತಿ ಮಾಡಿ ಶೇ. 50ರ ದಕ್ಷತೆಗೆ ತಂದರೆ ಹರಿವು ಹೆಚ್ಚಿದಂತೆ ಘರ್ಷಣೆಯೂ ಹೆಚ್ಚಿ, ಸುಮಾರು 25.5 ಮೀಟರ್ ಹೆಡ್‌ನಲ್ಲಿ 8 ಲೀಟರಿಗೆ ನಿಲ್ಲುತ್ತದೆ. ಹೊರಹರಿವಿನ ಪೈಪನ್ನೂ 80 ಮಿಲಿಮೀಟರಿಗೆ ಹಿಗ್ಗಿಸಿದರೆ ಸುಮಾರು 21.5 ಮೀಟರಿನಲ್ಲಿ 9.5 ಲೀಟರ್ ನಿರೀಕ್ಷಿಸಬಹುದು. ಎರಡರಲ್ಲಿಯೂ ಮೋಟಾರು ಸುಮಾರು 4 ಕಿಲೋವ್ಯಾಟ್ ಸೆಳೆಯುತ್ತದೆ.

| ಸ್ಥಿತಿ | ಒಟ್ಟು ದಕ್ಷತೆ | ಒಂದು ಲಕ್ಷ ಲೀಟರಿಗೆ ವಿದ್ಯುತ್ | ತಗಲುವ ಸಮಯ |
|---|---|---|---|
| ಈಗಿನಂತೆ | ಶೇ. 33 | 17 ಯೂನಿಟ್ | 4.6 ಗಂಟೆ |
| ಪಂಪು ದುರಸ್ತಿ | ಶೇ. 50 | 14 ಯೂನಿಟ್ | 3.5 ಗಂಟೆ |
| ಪಂಪು ದುರಸ್ತಿ ಮತ್ತು ದೊಡ್ಡ ಪೈಪು | ಶೇ. 50 | 12 ಯೂನಿಟ್ | 2.9 ಗಂಟೆ |

ಕೊನೆಯ ಎರಡು ಸಾಲುಗಳು ಅಂದಾಜುಗಳು. ಬದಲಾವಣೆಯ ಬಳಿಕ ಪುನಃ ಅಳೆದೇ ಅವುಗಳನ್ನು ದೃಢಪಡಿಸಬೇಕು. ಅವೆರಡರಲ್ಲಿ ದಕ್ಷತೆ ಒಂದೇ ಆಗಿದ್ದರೂ ವಿದ್ಯುತ್ ಬೇರೆಯಾಗಿದೆ. ಈ ಕಾರಣದಿಂದ ಪರಿಶೋಧನಾ ವರದಿಯಲ್ಲಿ ದಕ್ಷತೆಯ ಜೊತೆಗೆ ನಿರ್ದಿಷ್ಟ ಪ್ರಮಾಣದ ನೀರಿಗೆ ತಗಲುವ ಯೂನಿಟ್‌ಗಳನ್ನೂ ನಮೂದಿಸಬೇಕಾಗುತ್ತದೆ. ದುರಸ್ತಿಯ ನಂತರ ಪಂಪು ಗಂಟೆಗೆ ಹೆಚ್ಚು ವಿದ್ಯುತ್ ಸೆಳೆಯುವುದರಿಂದ, ಓಡಿಸುವ ಗಂಟೆಗಳನ್ನು ಕಡಿಮೆ ಮಾಡದಿದ್ದರೆ ಉಳಿತಾಯವಾಗುವುದಿಲ್ಲ; ನೀರು ಮಾತ್ರ ಹೆಚ್ಚುತ್ತದೆ.

## ಮಿತಿಗಳು

ಒಂದು ದಿನದ ಅಳತೆಯು ಆ ದಿನದ ನೀರಿನ ಮಟ್ಟಕ್ಕೆ ಮಾತ್ರ ಅನ್ವಯಿಸುತ್ತದೆ. ಮಳೆಗಾಲದಲ್ಲಿ ತುಂಗಾ ಮತ್ತು ಭದ್ರಾ ನದಿಗಳ ಮಟ್ಟ ಏರಿದಾಗ ಪಂಪಿನ ಹೆಡ್ ತಗ್ಗಿ ಹರಿವು ಹೆಚ್ಚುತ್ತದೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ. ಆದಕಾರಣ ದಿನಾಂಕ, ನೀರಿನ ಮಟ್ಟ ಮತ್ತು ವೋಲ್ಟೇಜನ್ನು ವರದಿಯಲ್ಲಿ ದಾಖಲಿಸಬೇಕು. ಹಲವು ಪಂಪುಗಳು ಒಂದೇ ಕೊಳವೆಮಾರ್ಗಕ್ಕೆ ನೀರು ಕೊಡುವ ನಗರ ಸ್ಥಾವರಗಳಲ್ಲಿ ಒಂದು ಪಂಪನ್ನು ಒಂಟಿಯಾಗಿ ನಡೆಸಿ ಅಳೆದರೆ ಅದು ದಿನನಿತ್ಯದ ಹೆಡ್‌ಗಿಂತ ಕಡಿಮೆ ಹೆಡ್‌ನಲ್ಲಿ ಓಡುತ್ತದೆ. ಅಲ್ಲಿ ಸಾಮಾನ್ಯವಾಗಿ ಒಟ್ಟಿಗೆ ನಡೆಯುವ ಪಂಪುಗಳನ್ನೆಲ್ಲ ಚಾಲನೆಯಲ್ಲಿಟ್ಟು, ಪ್ರತಿಯೊಂದರ ಹರಿವು, ಒತ್ತಡ ಮತ್ತು ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯುವುದು ಅಗತ್ಯ.