ಮಿಡಿ ಉಪ್ಪಿನಕಾಯಿ: ಮೂರು ಲೀಟರ್ ನೀರಿಗೆ ಉಪ್ಪೆಷ್ಟು?

ಮಾವಿನ ಮಿಡಿಯನ್ನು ಉಪ್ಪುನೀರಿನಲ್ಲಿ ಹಾಕಿಡುವಾಗ ‘ಶೇ 10ರ ಉಪ್ಪುನೀರು’ ಎಂಬ ಸೂಚನೆ ಅಡುಗೆ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಸೂಚನೆ ಸರಳವಾಗಿದ್ದರೂ ಅದಕ್ಕೆ ಮೂರು ಬಗೆಯ ಅರ್ಥಗಳಿವೆ. ಯಾವ ಅರ್ಥವನ್ನು ಹಿಡಿದು ಉಪ್ಪು ತೂಗಲಾಯಿತು ಎಂಬುದರ ಮೇಲೆಯೇ ಮಿಡಿ ವರ್ಷವಿಡೀ ಗಟ್ಟಿಯಾಗಿ ಉಳಿಯುತ್ತದೆಯೇ ಅಥವಾ ಮಳೆಗಾಲಕ್ಕೆ ಮುನ್ನವೇ ಮೆತ್ತಗಾಗುತ್ತದೆಯೇ ಎಂಬುದು ನಿಂತಿದೆ.

ಉದಾಹರಣೆಗೆ, 4 ಕಿಲೋ ಮಿಡಿ ಮತ್ತು 3 ಲೀಟರ್ ನೀರನ್ನು ತೆಗೆದುಕೊಳ್ಳೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂದೇ ಹಿಡಿಯಬಹುದು. ಲೀಟರಿಗೆ 100 ಗ್ರಾಂ ಎಂಬ ರೂಢಿಯ ಲೆಕ್ಕದಲ್ಲಿ 300 ಗ್ರಾಂ ಉಪ್ಪು ಸಾಕು. ಆದರೆ ಹೀಗೆ ಮಾಡಿದಾಗ ಒಟ್ಟು 3,300 ಗ್ರಾಂ ದ್ರಾವಣದಲ್ಲಿ ಉಪ್ಪಿನ ಪಾಲು ಶೇ 9ರಷ್ಟೇ ಆಗುತ್ತದೆ. ದ್ರಾವಣದ ತೂಕದಲ್ಲಿ ನಿಜವಾಗಿ ಶೇ 10 ಬರಬೇಕಿದ್ದರೆ ಈ ಸೂತ್ರ ಅನ್ವಯವಾಗುತ್ತದೆ:

ಉಪ್ಪು = ನೀರು × ಶೇಕಡಾ ÷ (100 − ಶೇಕಡಾ)

ಅದರಂತೆ 3,000 × 10 ÷ 90, ಅಂದರೆ 333 ಗ್ರಾಂ. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ 33 ಗ್ರಾಂ ಮಾತ್ರ. ಅದರಿಂದ ದೊಡ್ಡ ತೊಂದರೆಯೇನೂ ಇಲ್ಲ.

ತೊಂದರೆ ಇರುವುದು ಮೂರನೆಯ ಅರ್ಥದಲ್ಲಿ. ಮಾವಿನ ಮಿಡಿಯ ಬಹುಪಾಲು ನೀರೇ ಆಗಿದೆ. ಜಾಡಿಗೆ ಹಾಕಿದ ಮೇಲೆ ಉಪ್ಪು ಕಾಯಿಯೊಳಗೆ ಇಳಿಯುತ್ತದೆ, ಕಾಯಿಯ ನೀರು ಹೊರಗೆ ಬರುತ್ತದೆ. ಕೆಲವು ವಾರಗಳಲ್ಲಿ ಒಳಗಿನ ಮತ್ತು ಹೊರಗಿನ ಉಪ್ಪು ಸರಿಸಮವಾಗುತ್ತದೆ. ಆಗ 333 ಗ್ರಾಂ ಉಪ್ಪು ಒಟ್ಟು 7 ಕಿಲೋ ಕಾಯಿ ಮತ್ತು ನೀರಿನಲ್ಲಿ ಹಂಚಿಹೋಗಿ ಶೇ 4.5ಕ್ಕೆ ಇಳಿದಿರುತ್ತದೆ. ಬೇಸಿಗೆಯ ಸೆಕೆಯಲ್ಲಿ ಇಷ್ಟು ತೆಳು ಉಪ್ಪುನೀರಿನಲ್ಲಿ ಹುಳಿಯುವಿಕೆ ಚುರುಕಾಗಿ ನಡೆಯುತ್ತದೆ. ಗುಳ್ಳೆಗಳು ಏಳುವುದು, ಮೇಲೆ ಬಿಳಿಯ ಪೊರೆ ಕಟ್ಟುವುದು, ಬೆರಳಿನಿಂದ ಒತ್ತಿದರೆ ಕಾಯಿ ತಗ್ಗುವುದು ಇದರ ಲಕ್ಷಣಗಳು. ಕೆಲವೇ ದಿನಗಳಲ್ಲಿ ತಿಂದು ಮುಗಿಸುವ ತರಕಾರಿಗೆ ಈ ಪ್ರಮಾಣ ಒಗ್ಗೀತು. ವರ್ಷಕ್ಕೆಂದು ಇಡುವ ಮಿಡಿಗೆ ಒಗ್ಗದು.

ಆದ್ದರಿಂದ ಸೂತ್ರದಲ್ಲಿ ‘ನೀರು’ ಎಂಬಲ್ಲಿ ನೀರು ಮತ್ತು ಕಾಯಿ ಎರಡರ ತೂಕವನ್ನೂ ಸೇರಿಸಬೇಕು. 7,000 × 10 ÷ 90 ಎಂದರೆ 778 ಗ್ರಾಂ. ಕಾಯಿಯನ್ನು ಪೂರ್ತಿ ನೀರೆಂದೇ ಭಾವಿಸಿದ್ದರಿಂದ ಉಪ್ಪು ತುಸು ಹೆಚ್ಚಾಗುತ್ತದೆ. ಇಡುವ ಪದಾರ್ಥಕ್ಕೆ ಅದು ಕ್ಷೇಮವೇ. ಹಳೆಯ ಲೆಕ್ಕದಂತೆ ಈಗಾಗಲೇ 333 ಗ್ರಾಂ ಹಾಕಿದ್ದು ಕಾಯಿ ಇನ್ನೂ ಗಟ್ಟಿಯಾಗಿದ್ದರೆ, ಜಾಡಿಯಿಂದ ಸಾಕಷ್ಟು ಉಪ್ಪುನೀರು ತೆಗೆದು ಅದರಲ್ಲಿ ಉಳಿದ 445 ಗ್ರಾಂ ಕರಗಿಸಿ ಮರಳಿ ಸುರಿಯಬಹುದು. ಮೆತ್ತಗಾದ ಕಾಯಿ ಮಾತ್ರ ಉಪ್ಪು ಹೆಚ್ಚಿಸಿದ ಮಾತ್ರಕ್ಕೆ ಮತ್ತೆ ಗಟ್ಟಿಯಾಗುವುದಿಲ್ಲ.

ಇನ್ನೂ ಖಾರವಾದ ಉಪ್ಪು, ಅಂದರೆ ಕೊನೆಗೆ ಶೇ 15 ಉಳಿಯಬೇಕು ಎನ್ನುವವರಿಗೆ ಇನ್ನೊಂದು ಮಿತಿ ಎದುರಾಗುತ್ತದೆ. ಅದೇ ಲೆಕ್ಕದಲ್ಲಿ 1,235 ಗ್ರಾಂ ಉಪ್ಪು ಬೇಕು. ಆದರೆ 100 ಮಿಲಿಲೀಟರ್ ನೀರು ಕರಗಿಸಿಕೊಳ್ಳುವುದು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ. 3 ಲೀಟರಿನಲ್ಲಿ 1,080 ಗ್ರಾಂ ಕರಗಿದ ಮೇಲೆ ಎಷ್ಟು ಕಲಕಿದರೂ ಉಳಿದದ್ದು ತಳದಲ್ಲೇ ಕೂರುತ್ತದೆ. ಈ ಉಳಿದ 155 ಗ್ರಾಮನ್ನು ಕಾಯಿಯ ಪದರಗಳ ನಡುವೆ ಒಣದಾಗಿಯೇ ಉದುರಿಸಬೇಕು. ಕಾಯಿ ನೀರು ಬಿಟ್ಟಂತೆಲ್ಲ ಅದು ಕರಗುತ್ತದೆ. ಮಲೆನಾಡಿನ ಅನೇಕ ಮನೆಗಳಲ್ಲಿ ಅಪ್ಪೆಮಿಡಿಗೆ ನೀರನ್ನೇ ಸೇರಿಸದೆ ಬರೀ ಹರಳುಪ್ಪನ್ನು ಪದರವಾಗಿ ಹಾಕುವ ಕ್ರಮದಲ್ಲಿ ನಡೆಯುವುದೂ ಇದೇ: ಕಾಯಿಯ ನೀರಿನಲ್ಲೇ ಉಪ್ಪುನೀರು ತಯಾರಾಗುತ್ತದೆ.

ಅಳತೆಗೆ ಪಾವು, ಲೋಟ, ಚಮಚಗಳನ್ನು ನಂಬದಿರುವುದು ಒಳಿತು. ಹರಳುಪ್ಪಿನ ಹರಳುಗಳ ನಡುವೆ ಗಾಳಿ ಹೆಚ್ಚು. ಅದೇ ಲೋಟ ಪುಡಿ ಉಪ್ಪು ಹರಳುಪ್ಪಿಗಿಂತ ಹೆಚ್ಚು ತೂಗುತ್ತದೆ. ಹರಳುಪ್ಪು ಒದ್ದೆಯಾಗಿದ್ದರೆ ಅದರ ತೂಕದಲ್ಲೊಂದು ಪಾಲು ನೀರಿನದೇ ಆಗಿರುವುದರಿಂದ ಬಿಸಿಲಿಗೆ ಹರಡಿ ಒಣಗಿಸಿ ತೂಗಬೇಕು. ಕಸ ತೆಗೆಯಲು ಉಪ್ಪುನೀರನ್ನು ಕುದಿಸಿ ಸೋಸುವವರು ಆವಿಯಾದಷ್ಟು ನೀರನ್ನು ಕುದಿಸಿ ಆರಿಸಿ ಮತ್ತೆ ಸೇರಿಸದಿದ್ದರೆ ಲೆಕ್ಕ ಏರುಪೇರಾಗುತ್ತದೆ. ಪಾತ್ರೆ ಸಮೇತ ಕುದಿಸುವ ಮುನ್ನ ಮತ್ತು ನಂತರ ತೂಗಿದರೆ ಕೊರತೆ ಎಷ್ಟೆಂದು ತಿಳಿಯುತ್ತದೆ.

ಮೊಟ್ಟೆ ತೇಲಿಸಿ ನೋಡುವ ಪರೀಕ್ಷೆಯೂ ಬಳಕೆಯಲ್ಲಿದೆ. ತಾಜಾ ಮೊಟ್ಟೆ ತೇಲಲು ಸುಮಾರು ಶೇ 10ರಿಂದ 12ರ ಉಪ್ಪು ಬೇಕಾಗುತ್ತದೆ. ದಿನ ಕಳೆದಂತೆ ಮೊಟ್ಟೆಯೊಳಗಿನ ಗಾಳಿಯ ಜಾಗ ಹಿಗ್ಗುವುದರಿಂದ ಹಳೆಯ ಮೊಟ್ಟೆ ತೀರಾ ತೆಳು ನೀರಿನಲ್ಲೂ ತೇಲಿಬಿಡುತ್ತದೆ. ಅಲ್ಲದೆ ಈ ಪರೀಕ್ಷೆ ತಿಳಿಸುವುದು ಕಾಯಿ ಹಾಕುವ ದಿನದ ಉಪ್ಪನ್ನೇ ಹೊರತು ತಿಂಗಳ ನಂತರ ಜಾಡಿಯಲ್ಲಿ ಉಳಿಯುವ ಉಪ್ಪನ್ನಲ್ಲ.